ಡಿಸ್ಲೆಕ್ಸಿಯಾ ಫಾಂಟ್ ಬ್ಯಾಡ, ಸಾಲಿನ ನಡುವ ಜಾಗ ಬಿಡ್ರಿ

ನಮ್ಮ ಮಹಿಳಾ ಮಂಡಳದ ಮಕ್ಕಳ ಕಥಿ ಪುಸ್ತಕ ಅಚ್ಚಿಗೆ ಹೋಗೂದಕ್ಕಿಂತ ಮೊದಲ ನನಗ ನಿಮ್ಮ ಜೋಡಿ ಒಂದು ಜಗಳ ಆಡೂದದ. ಮೀಟಿಂಗಿನ್ಯಾಗ ಎಲ್ಲಾರೂ ಒಮ್ಮೆಲೆ ಮಾತಾಡಿದ್ರಿ, ಚಹಾ ಬಂತು, ಮಾತು ಅಲ್ಲೇ ನಿಂತು. ಅದಕ್ಕ ಇಲ್ಲಿ ಬರೀಲಿಕ್ಕತ್ತೀನಿ. ಸಿಟ್ಟಿಗೇಳೂ ಮಂದಿ ಪೂರಾ ಓದಿ ಸಿಟ್ಟಿಗೇಳ್ರಿ.

ಅವತ್ತು ಆದ ಠರಾವು ಏನು? ಓದಲಿಕ್ಕೆ ಕಷ್ಟ ಪಡೂ ಮಕ್ಕಳಿಗೂ ನಮ್ಮ ಪುಸ್ತಕ ಅನುಕೂಲ ಆಗಬೇಕು. ಭಾಳ ಛಲೋ ಮಾತು. ಆಮ್ಯಾಲ ಅದನ್ನ ಹ್ಯಾಂಗ ಮಾಡೂದು ಅಂತ ಬಂದಾಗ ಮೂರು ನಿರ್ಣಯ ಆದವು. ಒಂದು, ನೆಟ್ಟಿನ್ಯಾಗ ಪುಕಟ ಸಿಗೂ ‘ಡಿಸ್ಲೆಕ್ಸಿಯಾ ಫಾಂಟ್’ ಹಾಕಬೇಕು. ಎರಡು, ಪುಟಾ ಎಲ್ಲಾ ಬಣ್ಣಬಣ್ಣದ್ದಿರಬೇಕು. ಮೂರು, ಖರ್ಚು ಹೆಚ್ಚಾಗಬಾರದು, ಹತ್ತೂ ಕಥಿ 48 ಪುಟದಾಗ ಕೂಡಬೇಕು, ಅಕ್ಷರ ಹನ್ನೆರಡು ಪಾಯಿಂಟಿಂದ. ಮೊದಲನೇದು ಉಪಯೋಗಿಲ್ಲ, ಎರಡನೇದು ಉಲ್ಟಾ, ಮೂರನೇದು ಆ ಠರಾವನ್ನ ನಾವೇ ಕೊಂದ ಹಂಗ. ಒಂದೊಂದಾಗಿ ಹೇಳ್ತೀನಿ.

ಫಾಂಟಿನ ಮಾತು ಮೊದಲು. 2007ರಾಗ ‘ತಾರೇ ಜಮೀನ್ ಪರ್’ ಸಿನಿಮಾ ಬಂದಾಗ ನಾವೆಲ್ಲಾ ಕೂಡೇ ನೋಡಿದ್ವಿ, ಕೂಡೇ ಅತ್ತಿದ್ವಿ. ಅದರಾಗ ಆ ಹುಡುಗಗ ಅಕ್ಷರ ಕುಣೀತಾವ. ಆ ಚಿತ್ರ ನಮ್ಮ ತಲ್ಯಾಗ ಎಷ್ಟು ಗಟ್ಟಿಯಾಗಿ ಕೂತದ ಅಂದ್ರ, ಡಿಸ್ಲೆಕ್ಸಿಯಾ ಅಂದಕೂಡ್ಲೆ ಕಣ್ಣಿನ ತೊಂದರಿ, ಅಕ್ಷರದ ಆಕಾರದ ತೊಂದರಿ ಅಂತ ತಿಳ್ಕೋತೀವಿ. ಆಕಾರದ ತೊಂದರಿ ಆದ್ರ ಆಕಾರ ಬದಲಿಸಿದ್ರ ಮುಗೀತಲ್ಲ! ಖರೇ ಅಂದ್ರ ಈ ಮಕ್ಕಳಿಗೆ ಹೆಚ್ಚಾಗಿ ಕಷ್ಟ ಆಗೂದು ಅಕ್ಷರಕ್ಕ ಅದರ ಧ್ವನಿ ಜೋಡಿಸೂದ್ರಾಗ. ಕಣ್ಣಿಗೆ ‘ತ’ ಸರಿಯಾಗೇ ಕಾಣಸ್ತದ, ಆದ್ರ ಅದು ‘ತ’ ಅಂತ ಬಾಯಿಗೆ ಬರೂ ಹೊತ್ತಿಗೆ ಉಳಿದ ಮಕ್ಕಳು ಎರಡು ಶಬ್ದ ಮುಂದ ಹೋಗಿರ್ತಾರ.

ಈ ಫಾಂಟುಗಳ ಹುಟ್ಟು ಕೇಳ್ರಿ. ಡಿಸ್ಲೆಕ್ಸಿ ಅನ್ನೂ ಫಾಂಟ್ ಮಾಡಿದಾವ ನೆದರ್‌ಲ್ಯಾಂಡ್ಸಿನ ಕ್ರಿಶ್ಚಿಯನ್ ಬೂರ್, ಅವಗೇ ಡಿಸ್ಲೆಕ್ಸಿಯಾ ಇತ್ತು, 2008ರಾಗ ವಿದ್ಯಾರ್ಥಿ ಇದ್ದಾಗ ಮಾಡಿದ. ನಮ್ಮವರು ಹೇಳೂ ಪುಕಟ ಫಾಂಟು ಓಪನ್‌ಡಿಸ್ಲೆಕ್ಸಿಕ್, ಅದು 2011ರದು. ಎರಡರದೂ ವಿಚಾರ ಒಂದೇ. ಇಂಗ್ಲಿಷಿನ b ತಿರುಗಿಸಿದ್ರ d ಆಗ್ತದ, p ತಿರುಗಿಸಿದ್ರ q ಆಗ್ತದ. ಅದಕ್ಕ ಅಕ್ಷರದ ಬುಡ ದಪ್ಪ ಮಾಡಿದ್ರ ಅದು ತಿರುಗಂಗಿಲ್ಲ ಅಂತ, ನೀರು ತುಂಬಿದ ತಂಬಿಗಿ ಕೆಳಗ ಕೂಡೂ ಹಂಗ. ಕೇಳಲಿಕ್ಕೆ ಚಂದ ಅದ. ಪರೀಕ್ಷಾ ಮಾಡಿದ್ರ? 2016ರಾಗ ಆಸ್ಟ್ರೇಲಿಯಾದ ಸಂಶೋಧಕರ ಒಂದು ಲೇಖನ ಬಂತು. ಓದೂದ್ರಾಗ ಹಿಂದ ಬಿದ್ದ ಮಕ್ಕಳು ಡಿಸ್ಲೆಕ್ಸಿ ಫಾಂಟಿನ್ಯಾಗ, ಸಾದಾ ಏರಿಯಲ್ ಫಾಂಟಿಗಿಂತ ಶೇಕಡಾ 7ರಷ್ಟು ಬೇಗ ಓದಿದ್ರು. ಆದ್ರ ಆ ಸಂಶೋಧಕರು ಇನ್ನೊಂದು ಕೆಲಸ ಮಾಡಿದ್ರು. ಏರಿಯಲ್ ಅಕ್ಷರದ ನಡುವ, ಶಬ್ದದ ನಡುವ ಆ ಫಾಂಟಿನ್ಯಾಗ ಇದ್ದಷ್ಟೇ ಜಾಗ ಬಿಟ್ಟು ಮತ್ತ ಓದಿಸಿದ್ರು. ಫರಕು ಹೋಗಿಬಿಟ್ಟಿತು. ಅಂದ್ರ ಉಪಯೋಗ ಆಗಿದ್ದು ದಪ್ಪ ಬುಡದಿಂದ ಅಲ್ಲ, ನಡುವಿನ ಖಾಲಿ ಜಾಗದಿಂದ. ಅದಕ್ಕೂ ಮೊದಲು, 2012ರಾಗ, ಇಟಲಿ ಮತ್ತ ಫ್ರಾನ್ಸಿನ ಡಿಸ್ಲೆಕ್ಸಿಯಾ ಇರೂ 74 ಮಕ್ಕಳಿಗೆ ಹದಿನಾಲ್ಕು ಪಾಯಿಂಟಿನ ಸಾದಾ ಟೈಮ್ಸ್ ಫಾಂಟಿನ್ಯಾಗ, ಅಕ್ಷರದ ನಡುವ ಎರಡೂವರಿ ಪಾಯಿಂಟ್ ಜಾಸ್ತಿ ಜಾಗ ಬಿಟ್ಟು ಓದಿಸಿದ್ರು. ತಪ್ಪು ಅರ್ಧಕ್ಕ ಇಳದವು. ಫಾಂಟು ಅದೇ ಹಳೇದು!

ಇಷ್ಟೆಲ್ಲಾ ಬಿಡ್ರಿ, ನಮ್ಮ ಪುಸ್ತಕ ಕನ್ನಡದ್ದು. ಓಪನ್‌ಡಿಸ್ಲೆಕ್ಸಿಕ್‌ನ್ಯಾಗ ಕನ್ನಡ ಅಕ್ಷರಾನೇ ಇಲ್ಲ. ವರ್ಡಿನ್ಯಾಗ ಕನ್ನಡ ಮಜಕೂರು ಸೆಲೆಕ್ಟ್ ಮಾಡಿ ಆ ಫಾಂಟಿನ ಹೆಸರು ಒತ್ತಿದ್ರ, ಇಂಗ್ಲಿಷ್ ಅಕ್ಷರ ಮತ್ತ ಅಂಕಿ ಅಷ್ಟೇ ಬದಲಾಗ್ತಾವ. ಕನ್ನಡ ಇದ್ದ ಹಂಗ ಇರ್ತದ, ಯಾಕಂದ್ರ ಕಂಪ್ಯೂಟರು ತನ್ನ ಹತ್ರ ಇರೂ ಬ್ಯಾರೆ ಕನ್ನಡ ಫಾಂಟನ್ನ ತಂದು ಹಾಕಿರ್ತದ. ಮೀಟಿಂಗಿನ್ಯಾಗ ಮೊಬೈಲ್ ಹಿಡದು ‘ನೋಡ್ರಿ, ಎಷ್ಟು ಸ್ವಚ್ಛ ಕಾಣಸ್ತದ’ ಅಂದ ನಮ್ಮ ವೈನಿ ತೋರಿಸಿದ್ದು ಫೋನಿನ ಮಾಮೂಲಿ ಕನ್ನಡ ಫಾಂಟು. ವೈನಿ, ಹಿಂಗ ಬರದೆ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ. ಸ್ವಚ್ಛ ಕಂಡಿದ್ದು ಖರೇನ, ಶ್ರೇಯಸ್ಸು ಮಾತ್ರ ತಪ್ಪು ಮನಿಗೆ ಹೋತು.

ಕನ್ನಡದಾಗ b-d ತಿರುಗೂ ಗೊಂದಲ ಇಲ್ಲ. ನಮ್ಮ ಗೊಂದಲನ ಬ್ಯಾರೆ. ಬ-ಭ, ದ-ಧ, ಡ-ಢ, ಪ-ಫ, ಇವುಗಳ ನಡುವ ಇರೂ ಫರಕು ಕೆಳಗಿನ ಒಂದು ಸಣ್ಣ ಗೆರಿ ಅಷ್ಟೇ. ಪ ಮತ್ತ ಷ ನಡುವ ಹೊಟ್ಟಿಯೊಳಗಿನ ಒಂದು ಗೆರಿ. ಫಾಂಟು ಆರಿಸೂದಂದ್ರ ಆ ಗೆರಿ ಎದ್ದು ಕಾಣಸ್ತದೇನು ಅಂತ ನೋಡೂದು. ಈ ಎಲ್ಲಾ ಅಕ್ಷರ ಹದಿನಾಲ್ಕು ಪಾಯಿಂಟಿನ್ಯಾಗ ಒಂದು ಹಾಳಿ ಮ್ಯಾಲ ಪ್ರಿಂಟ್ ತಗದು, ಕೈ ಚಾಚಿದಷ್ಟು ದೂರ ಹಿಡದು ನೋಡ್ರಿ. ನೋಟೋ ಸ್ಯಾನ್ಸ್ ಕನ್ನಡದಂಥ ಸಾದಾ ಫಾಂಟಿನ್ಯಾಗ ಛಲೋ ಕಾಣಸ್ತಾವ. ಮದವಿ ಕಾರ್ಡಿನ ಬಳ್ಳಿಬಳ್ಳಿ ಫಾಂಟಿನ್ಯಾಗ ಕಾಣಂಗಿಲ್ಲ. ಭಾಳ ಬೋಲ್ಡ್ ಮಾಡಿದ್ರ ಮಸಿ ಹರಡಿ ಆ ಗೆರಿ ಅಕ್ಷರದೊಳಗ ಮುಳಗತದ. ಓರೆ ಅಕ್ಷರ ಅಂತೂ ಬ್ಯಾಡೇ ಬ್ಯಾಡ. ಶಾಲಿಯವರು ಝೆರಾಕ್ಸಿನ ಝೆರಾಕ್ಸ್, ಅದರ ಝೆರಾಕ್ಸ್ ತಗದು ಅಭ್ಯಾಸದ ಹಾಳಿ ಕೊಡ್ತಾರಲ್ಲ, ಅದರಾಗ ಮೊದಲು ಮಾಯ ಆಗೂದು ಈ ಗೆರಿನ. ‘ಧನ’ ಇದ್ದದ್ದು ‘ದನ’ ಆಗಿರ್ತದ, ಬೈಸಿಕೊಳ್ಳೂದು ಕೂಸು.

ಫಾಂಟಿನ ಮಾತು ಇಲ್ಲಿಗೆ ಸಾಕು. ಕನ್ನಡ ಪುಟದಾಗ ದೊಡ್ಡ ಸಂಗತಿ ಅಂದ್ರ ಸಾಲಿನ ನಡುವಿನ ಜಾಗ. ಇಂಗ್ಲಿಷ್ ಅಕ್ಷರ ಒಂದೇ ಓಣ್ಯಾಗ ಸಾಲಾಗಿ ಹೊಂಟಿರ್ತಾವ. ನಮ್ಮ ಅಕ್ಷರಕ್ಕ ಮ್ಯಾಲ ಗುಡಿಸು, ತಲಕಟ್ಟು, ಕೆಳಗ ಒತ್ತಕ್ಷರ. ‘ಸ್ತ್ರೀ’, ‘ರಾಷ್ಟ್ರ’, ‘ಶಾಸ್ತ್ರಿ’ ಅಂತ ಬರದು ನೋಡ್ರಿ, ಒತ್ತಿನ ಕೆಳಗ ಮತ್ತೊಂದು ಒತ್ತು. ಸಾಲು ಬಿಗಿ ಇದ್ರ ಮ್ಯಾಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡೀತದ. ಸಂಡಗಿ ಇಡುವಾಗ ನಡುವ ಜಾಗ ಬಿಡದಿದ್ರ ಒಂದಕ್ಕೊಂದು ಹತ್ತಿ ಮುದ್ದಿ ಆಗ್ತದಲ್ಲ, ಹಂಗ. ಸರಳ ಓದೂ ಮಂದಿ ಅಂದಾಜಿನ ಮ್ಯಾಲ ದಾಟಿಬಿಡ್ತಾರ. ಅಕ್ಷರ ಅಕ್ಷರ ಬಿಡಿಸಿ ಓದೂ ಹುಡುಗ ಆ ಒತ್ತು ಯಾವ ಸಾಲಿಂದು ಅಂತ ನಿಂತುಬಿಡ್ತಾನ.

ಪ್ರೆಸ್ಸಿನವರು ಕೊಟ್ಟ ಮಾದರಿ ಪುಟಾ ನಾನು ಮನಿಗೆ ತಂದಿದ್ದೆ. ಡೆಮಿ ಅಳತಿ, ಅಕ್ಷರ ಹನ್ನೆರಡು ಪಾಯಿಂಟ್, ಒಂದು ಸಾಲಿನ ತಳದಿಂದ ಮುಂದಿನ ಸಾಲಿನ ತಳಕ್ಕ ಹದಿನೈದು ಪಾಯಿಂಟ್, ಅಂದ್ರ ಅಳತಿಪಟ್ಟಿ ಇಟ್ರ ಐದು ಮಿಲಿಮೀಟರಿಗೆ ತುಸು ಜಾಸ್ತಿ. ಸಾಲು 11 ಸೆಂಟಿಮೀಟರ್ ಅಗಲ, ಪುಟಕ್ಕ 33 ಸಾಲು. ಎರಡೂ ಬದಿ ಕತ್ತರಿಸಿದ ಹಂಗ ಸಮ. ನಮ್ಮ ಅಕ್ಕನ ಮೊಮ್ಮಗ, ನಾಕನೇತ್ತಾ ಓದೂ ಹುಡುಗ, ಅವಗ ಡಿಸ್ಲೆಕ್ಸಿಯಾ ಅದ ಅಂತ ತಪಾಸಣಿ ಆಗೇದ. ರಾಜಾ-ಮಂತ್ರಿ ಕಥಿ ಓದಿಸಿದೆ. ಆ ಪುಟಾ ಮುಗಿಯೂದ್ರಾಗ ಏಳು ಸಲ ಸಾಲು ತಪ್ಪಿಸಿದ. ಒಮ್ಮೆ ಒಂದು ಸಾಲು ಹಾರಿ ಕೆಳಗಿಂದು ಹಿಡದ, ಒಮ್ಮೆ ಓದಿದ ಸಾಲನ್ನೇ ಹೊಳ್ಳಿ ಓದಿದ. ‘ಮಂತ್ರಿ’ಯ ಕೆಳಗಿನ ಒತ್ತು, ಅದರ ಕೆಳಗಿನ ಸಾಲಿನ ‘ಕೀ’ಗೆ ಅಂಟಿಕೊಂಡಿತ್ತು. ಅಲ್ಲಿ ಬಂದು ಬೆರಳಿಟ್ಟು ಸುಮ್ಮನ ಕೂತ.

ಮರುದಿನ ಇನ್ನೊಂದು ಕಥಿ, ಅಷ್ಟೇ ಕಠಿಣ ಇರೂದು, ನಾನೇ ಟೈಪ್ ಮಾಡಿದೆ. ಅದೇ ಕಥಿ ಕೊಡಲಿಲ್ಲ, ಎರಡನೇ ಸಲ ಓದೂದು ಹ್ಯಾಂಗೂ ಸರಳ ಇರ್ತದ, ಅದರಿಂದ ಏನೂ ತಿಳಿಯಂಗಿಲ್ಲ. ಅಕ್ಷರ ಹದಿನಾಲ್ಕು, ಸಾಲಿಂದ ಸಾಲಿಗೆ ಇಪ್ಪತ್ನಾಕು ಪಾಯಿಂಟ್, ಅಂದ್ರ ಎಂಟೂವರಿ ಮಿಲಿಮೀಟರ್. ಸಾಲಿನ ಅಗಲ 10 ಸೆಂಟಿಮೀಟರ್, ಪುಟಕ್ಕ 20 ಸಾಲು, ಸಾಲಿಗೆ ಐದರ ಆಸುಪಾಸು ಶಬ್ದ. ಎಡಕ್ಕ ಸಮ, ಬಲಕ್ಕ ಬಂದಲ್ಲಿಗೆ ಬಿಟ್ಟದ್ದು. ಹಿಂದಿನ ದಿನದಷ್ಟೇ ಶಬ್ದ ಓದಿಸಿದೆ, ಎರಡು ಪುಟಾ ಆತು. ಸಾಲು ತಪ್ಪಿಸಿದ್ದು ಒಂದೇ ಸಲ. ಆಮ್ಯಾಲ ಎರಡು ದಿನ ಬಿಟ್ಟು ಬ್ಯಾರೆ ಕಥಿ ತಗೊಂಡು, ಮೊದಲು ಸಡಿಲ ಪುಟಾ, ಆಮ್ಯಾಲ ಬಿಗಿ ಪುಟಾ ಕೊಟ್ಟು ನೋಡಿದೆ. ಆಗೂ ಸಾಲು ತಪ್ಪಿದ್ದು ಬಿಗಿ ಪುಟದಾಗನ. ಆದ್ರ ಒಂದು ಮಾತು ಮುಚ್ಚಿಡಂಗಿಲ್ಲ. ಶಬ್ದ ತಪ್ಪು ಓದೂದು ಎರಡರಾಗೂ ಹೆಚ್ಚುಕಡಿಮಿ ಅಷ್ಟೇ ಇತ್ತು. ‘ಪರ್ವತ’ ಎರಡೂ ಕಡೆ ‘ಪವತ’ ಆತು. ಅರ್ಕಾವತ್ತು ಬರಿಯೂದು ಹಿಂದ, ಓದೂದು ಮುಂದ. ಅದನ್ನ ಯಾವ ಪುಟಾನೂ ಸರಿ ಮಾಡಂಗಿಲ್ಲ. ಅದು ಪಕ್ಕದಾಗ ಕೂತು, ಅಕ್ಷರ ಧ್ವನಿ ಬಿಡಿಸಿ ದಿನಾ ಕಲಿಸೂರ ಕೆಲಸ. ಪುಟಾ ಮಾಡೂದಿಷ್ಟೇ, ತನ್ನದೊಂದು ಬ್ಯಾರೆ ತೊಂದರಿ ಆ ಹುಡುಗನ ತಲಿ ಮ್ಯಾಲ ಹೇರಂಗಿಲ್ಲ.

ಎರಡೂ ಬದಿ ಸಮ ಮಾಡೂ ಚಟ ನಮ್ಮ ಕನ್ನಡ ಪುಸ್ತಕಕ್ಕ ಯಾಕ ಹತ್ತೇದೋ! ಇಂಗ್ಲಿಷಿನ್ಯಾಗ ಶಬ್ದ ಸಣ್ಣವು, ನಡುವ ಸ್ವಲ್ಪ ಸ್ವಲ್ಪ ಎಳದ್ರ ಕೂಡ್ತಾವ. ನಮ್ಮಲ್ಲಿ ‘ಹೋಗಬೇಕಾಗಿದ್ದುದರಿಂದ’ ಅಂತ ಒಂದು ಶಬ್ದ ಅರ್ಧ ಸಾಲು ತಿಂತದ. ಅದು ಸಾಲಿನ ಕಡೀಕ ಹಿಡೀದಿದ್ರ ಕೆಳಗ ಇಳೀತದ, ಮ್ಯಾಲ ಉಳದ ಮೂರು ಶಬ್ದಾನ ಎಳದು ಎಳದು ಇಡೀ ಸಾಲು ತುಂಬಸ್ತಾರ. ನಡುವ ದೊಡ್ಡ ದೊಡ್ಡ ಕಿಂಡಿ. ಅಂಥಾ ಸಾಲು ನಾಕೈದು ಒಂದರ ಕೆಳಗ ಒಂದು ಬಂದ್ರ ಪುಟದಾಗ ಮ್ಯಾಲಿಂದ ಕೆಳಗ ಬಿಳೀ ಹಳ್ಳ ಹರದ ಹಂಗ ಕಾಣಸ್ತದ, ಕಣ್ಣು ಆ ಹಳ್ಳದಾಗ ಜಾರಿ ಕೆಳಗಿಳೀತದ. ಇಲ್ಲಂದ್ರ ಶಬ್ದ ಮುರದು ಅಡ್ಡಗೆರಿ ಹಾಕಿ ಮುಂದಿನ ಸಾಲಿಗೆ ಒಗೀತಾರ. ಅರ್ಧ ಶಬ್ದ ನೆನಪಿಟ್ಟು ಮುಂದಿನ ಸಾಲು ಹುಡುಕೂದು ಈ ಮಕ್ಕಳಿಗೆ ಎಲ್ಲಕ್ಕೂ ಕಠಿಣ ಕೆಲಸ. ಬಲಬದಿ ಏರುಪೇರು ಇದ್ರ ಪುಸ್ತಕ ‘ಗಬಾಳ’ ಕಾಣಸ್ತದ ಅಂದ್ರಿ. ಕಾಣಲಿ. ಆ ಏರುಪೇರಿನಿಂದನ ತಾನು ಯಾವ ಸಾಲಿನ್ಯಾಗ ಇದ್ದೆ ಅಂತ ಹುಡುಗಗ ಗುರುತು ಸಿಗ್ತದ.

ಇಲ್ಲಿ ಪ್ರೆಸ್ಸಿನ ಒಂದು ಹಿಕಮತ್ತು ಗೊತ್ತಿರಲಿ. ‘ಅಕ್ಷರದ ನಡುವ ಜಾಗ ಬಿಡ್ರಿ’ ಅಂತ ಇಂಗ್ಲಿಷಿನ ಪಾಠ ಹಂಗೇ ತಂದು ಹೇಳಬ್ಯಾಡ್ರಿ. ಎಷ್ಟೋ ಪ್ರೆಸ್ಸಿನ್ಯಾಗ ಇನ್ನೂ ಹಳೇ ನುಡಿ, ಹಳೇ ಶ್ರೀಲಿಪಿ ಫಾಂಟು ನಡೀತಾವ. ಅವುಗಳೊಳಗ ಒಂದು ಅಕ್ಷರ ಅಂದ್ರ ಎರಡು ಮೂರು ತುಂಡು ಜೋಡಿಸಿದ್ದು. ‘ಕೋ’ ಅಂದ್ರ ಒಂದು ತುಂಡು, ಅದರ ಕೊಂಬು ಒಂದು ತುಂಡು, ದೀರ್ಘ ಇನ್ನೊಂದು ತುಂಡು. ಜಾಗ ಹೆಚ್ಚಿಸಿದ್ರ ತುಂಡು ತುಂಡಿನ ನಡುವೂ ಜಾಗ ಬೀಳ್ತದ, ದೀರ್ಘ ಎಲ್ಲೋ ಹೋಗಿ ನಿಲ್ತದ, ಒತ್ತು ತನ್ನ ಅಕ್ಷರ ಬಿಟ್ಟು ಮುಂದಿನ ಅಕ್ಷರದ ಕೆಳಗ ಸರೀತದ. ಅದು ಮೊದಲಿಗಿಂತ ಕೆಟ್ಟ. ಯುನಿಕೋಡ್ ಫಾಂಟು ಇದ್ರ ಅಕ್ಷರದ ನಡುವ ಅರ್ಧ ಪಾಯಿಂಟ್ ಹೆಚ್ಚಿಸಿ ನೋಡಬಹುದು. ಹಳೇ ಫಾಂಟಿದ್ರ ಅಕ್ಷರ ಮುಟ್ಟಬ್ಯಾಡ್ರಿ, ಶಬ್ದ ಶಬ್ದದ ನಡುವಿನ ಜಾಗ ಅಷ್ಟೇ ಹೆಚ್ಚಿಸ್ರಿ ಅನ್ರಿ. ವರ್ಡಿನ್ಯಾಗ ಮನ್ಯಾಗ ಮಾಡೂರು ಸಾಲಿನ ಜಾಗಕ್ಕ Exactly ಆರಿಸಿ ಕಡಿಮಿ ಅಂಕಿ ಕೊಟ್ರ, ಒತ್ತಿನ ಕೆಳಗಿನ ತುದಿ ಕತ್ತರಿಸಿ ಹೋಗ್ತದ. ‘ಶಾಸ್ತ್ರಿ’ ಒಂದು ಸಲ ಟೈಪ್ ಮಾಡಿ ಪ್ರಿಂಟ್ ತಗದು ನೋಡ್ರಿ, ಸಾಕು.

ಈಗ ಬಣ್ಣದ ಪುಟಾ. ಇದರಾಗ ನನಗ ಭಾಳ ಸಿಟ್ಟದ, ಯಾಕಂದ್ರ ಬಣ್ಣದ ಹೆಸರಲೇ ರೊಕ್ಕ ಕೀಳೂರು ಅದಾರ. ನಮ್ಮ ಬಳಗದವರಿಗೇ ಒಬ್ಬರು ಬಣ್ಣದ ಪಾರದರ್ಶಕ ಹಾಳಿ ಕೊಟ್ಟು, ಇದನ್ನ ಪುಸ್ತಕದ ಮ್ಯಾಲ ಇಟ್ಟು ಓದಿದ್ರ ಡಿಸ್ಲೆಕ್ಸಿಯಾ ಹೋಗ್ತದ ಅಂತ ಸಾವಿರಗಟ್ಟಲೆ ತಗೊಂಡ್ರು. ಬಣ್ಣ ಅಕ್ಷರಕ್ಕ ಧ್ವನಿ ಜೋಡಿಸೂದು ಕಲಿಸಂಗಿಲ್ಲ. ಅಚ್ಚ ಬಿಳೀ, ಮಿರಿಮಿರಿ ಹೊಳಿಯೂ ಹಾಳಿ ಮ್ಯಾಲ ಟ್ಯೂಬ್‌ಲೈಟ್ ಬೆಳಕು ಬಿದ್ದು ಕಣ್ಣಿಗೆ ಹೊಡೀತದ, ಅದಕ್ಕ ಕೆನಿ ಬಣ್ಣದ, ಹೊಳಪಿಲ್ಲದ ಹಾಳಿ ಹಿತ. ಬಣ್ಣದ ಉಪಯೋಗ ಅಷ್ಟೇ. ಬ್ರಿಟನ್ನಿನ ಡಿಸ್ಲೆಕ್ಸಿಯಾ ಸಂಘದವರೂ ಕೆನಿ ಅಥವಾ ತಿಳಿ ಬಣ್ಣದ ಮಂದ ಹಾಳಿ ಅಂತನ ಹೇಳ್ತಾರ. ಎಡಿನ್‌ಬರೋದಾಗ ಶುರುವಾದ ಬ್ಯಾರಿಂಗ್ಟನ್ ಸ್ಟೋಕ್ ಅನ್ನೂ ಪ್ರಕಾಶನ 1998ರಿಂದ ಇಂಥಾ ಮಕ್ಕಳಿಗಂತನ ಪುಸ್ತಕ ಮಾಡ್ತದ, ಅವರದೂ ಕೆನಿ ಹಾಳಿ, ಸಡಿಲ ಸಾಲು, ಮತ್ತ ಕಥಿ ಸಣ್ಣವು. ಈ ಕಡೀ ಮಾತು ನೆನಪಿಟ್ಕೊಳ್ರಿ, ಮುಂದ ಬೇಕಾಗ್ತದ.

ನಮ್ಮವರು ಹೇಳಿದ್ದು ಕೆನಿ ಅಲ್ಲ. ಗುಲಾಬಿ ಪುಟಾ, ಹಸರು ಪುಟಾ, ಅದರ ಮ್ಯಾಲ ತಿಳಿಯಾಗಿ ನವಿಲಿನ ಚಿತ್ರ, ಆ ನವಿಲಿನ ಮೈಮ್ಯಾಲ ಕಥಿ! ಅಕ್ಷರದ ಹಿಂದ ಗರಿ ಬಂದ್ರ, ಗರಿ ಯಾವುದು ಒತ್ತು ಯಾವುದು? ಚಿತ್ರ ಬೇಕು, ಮಕ್ಕಳಿಗೆ ಬೇಕೇ ಬೇಕು. ಆದ್ರ ಅದಕ್ಕೊಂದು ಪುಟಾ ಬ್ಯಾರೆ ಕೊಡ್ರಿ, ಇಲ್ಲಾ ಮ್ಯಾಲಿನ ಅರ್ಧ ಕೊಡ್ರಿ.

ಇನ್ನು ಹಾಳಿ ಎಷ್ಟು ದಪ್ಪ ಇರಬೇಕು? ತೆಳು ಹಾಳಿಯೊಳಗ ಹಿಂದಿನ ಪುಟದ ಅಕ್ಷರ ಮುಂದ ಮೂಡ್ತದ. ಸಾಲಿನ ನಡುವ ಅಷ್ಟು ಕಷ್ಟ ಪಟ್ಟು ಬಿಟ್ಟ ಜಾಗದಾಗ ಹಿಂದಿನ ಪುಟದ ಉಲ್ಟಾ ಸಾಲು ಬಂದು ಕೂಡ್ತದ. ಪರೀಕ್ಷಾ ಸರಳ ಅದ. ಪ್ರೆಸ್ಸಿನವರು ತೋರಿಸೂ ಹಾಳಿಯನ್ನ ಯಾವುದಾದ್ರೂ ದಪ್ಪ ಅಕ್ಷರದ ಪುಟದ ಮ್ಯಾಲ ಇಡ್ರಿ. ಕೆಳಗಿನ ಶಬ್ದ ಓದಲಿಕ್ಕೆ ಬಂದ್ರ ಆ ಹಾಳಿ ಬ್ಯಾಡ, ಮುಂದಿನ ದಪ್ಪದ್ದು ತೋರಸ್ರಿ ಅನ್ರಿ.

ಖರ್ಚಿನ ಮಾತಿಗೆ ಬಂದೆ. ಲೆಕ್ಕ ನಾನೂ ಹಾಕೀನಿ. ಪ್ರೆಸ್ಸಿನವರ ಪುಟದಾಗ ಸುಮಾರು 210 ಶಬ್ದ ಹಿಡೀತಿದ್ದವು, ನನ್ನ ಪುಟದಾಗ ನೂರರ ಹತ್ರ. ಅಂದ್ರ ಹತ್ತು ಕಥಿಗೆ 48ರ ಬದಲಿಗೆ 96 ಪುಟಾ ಮ್ಯಾಲ ಬೇಕು. ಅಷ್ಟು ವರ್ಗಣಿ ಕೂಡಿಲ್ಲ, ಗೊತ್ತದ. ಅದಕ್ಕ ನಾನು ಹೇಳೂದು, ಐದೇ ಕಥಿ ಹಾಕೋಣು. ಯಾರ ಕಥಿ ಬಿಡೂದು ಅಂತ ಮುಖ ಬಾಡ್ತಾವ, ಅದೂ ಗೊತ್ತದ. ಮೊದಲು ನಂದೇ ತಗದು ಹಾಕ್ರಿ, ಅದು ಉದ್ದನೂ ಅದ. ಹತ್ತು ಕಥಿ ಇರೂ ಪುಸ್ತಕ ಮಗು ಎರಡನೇ ಪುಟಕ್ಕ ಮುಚ್ಚಿಟ್ರ, ಆ ಮಗುವಿನ ಪಾಲಿಗೆ ನಾವು ಹಾಕಿದ್ದು ಒಂದೂವರಿ ಪುಟಾ ಅಷ್ಟೇ.

‘ನಾಕು ಮಕ್ಕಳ ಸಲುವಾಗಿ ನಲವತ್ತು ಮಕ್ಕಳಿಗೆ ಯಾಕ ಕಡಿಮಿ ಕಥಿ?’ ಅಂತ ಒಬ್ಬ ಮಾವಶಿ ಕೇಳಿದ್ರು. ಮಾವಶಿ, ಉಳಿದ ಮೂವತ್ತಾರು ಮಕ್ಕಳಿಗೆ ಸಡಿಲ ಪುಟದಿಂದ ಏನೂ ತ್ರಾಸಿಲ್ಲ. ಅವರಿಗೆ ಕಥಿ ಕಡಿಮಿ ಬಿತ್ತು ಅಂದ್ರ ಮುಂದಿನ ವರ್ಷ ಎರಡನೇ ಭಾಗ ತರೋಣು. ಈ ನಾಕು ಮಕ್ಕಳಿಗೆ ಬಿಗಿ ಪುಟಾ ಕೊಟ್ರ ಮುಂದಿನ ವರ್ಷದ ಮಾತೇ ಇಲ್ಲ, ಅವರು ಪುಸ್ತಕ ಮುಟ್ಟೂದನ್ನೇ ಬಿಟ್ಟಿರ್ತಾರ. ಮತ್ತ, ನಿಮಗೂ ಈಗೀಗ ಚಾಳೀಸ ಇಲ್ದ ಹನ್ನೆರಡು ಪಾಯಿಂಟು ಕಾಣಂಗಿಲ್ಲ, ಹೌದಿಲ್ಲೋ?

ಹೊಸ ಪ್ರೂಫು ಬರೂ ವಾರ ಬರ್ತದ. ಆವತ್ತು ಮೀಟಿಂಗಿಗೆ ಬರೂರು ಒಂದು ಅಳತಿಪಟ್ಟಿ ತಗೊಂಡು ಬರ್ರಿ. ಸಾಲಿನ ತಳದಿಂದ ಸಾಲಿನ ತಳಕ್ಕ ಎಂಟು ಮಿಲಿಮೀಟರಿಗಿಂತ ಕಡಿಮಿ ಬಂದ್ರ ನಾನು ಸಹಿ ಹಾಕಂಗಿಲ್ಲ. ನಮ್ಮ ಅಕ್ಕನ ಮೊಮ್ಮಗನ್ನೂ ಕರಕೊಂಡು ಬರ್ತೀನಿ. ಅವ ಒಂದು ಪುಟಾ ಓದಲಿ, ಎಲ್ಲಿ ಬೆರಳಿಟ್ಟು ನಿಲ್ತಾನ ಅಂತ ಎಲ್ಲಾರೂ ನೋಡ್ರಿ, ಆಮ್ಯಾಲ ಚಹಾ ತರಸೋಣು.